ಅಪ್ಪ ಹೋದ ಮೇಲೂ ಬರುತ್ತಿದ್ದ ಬಿಲ್‌ಗಳು

ಅಪ್ಪ ತೀರಿಕೊಂಡು ಹನ್ನೆರಡು ದಿನ ಆಗಿತ್ತು. ಅವರ ಫೋನಿಗೆ ಒಂದು ಮೆಸೇಜ್ ಬಂತು: ನಾಳೆ ನಿಮ್ಮ ಖಾತೆಯಿಂದ 199 ರೂಪಾಯಿ ಕಟ್ ಆಗುತ್ತದೆ. ಯಾವುದೋ ಸಿನಿಮಾ ಆ್ಯಪ್‌ನ ಚಂದಾ. ಅಪ್ಪ ಅದನ್ನ ಹಾಕಿಸಿಕೊಂಡಿದ್ದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಆ ಹೊತ್ತಿಗೆ ನಾನು ಒಂದು ತಪ್ಪು ಮಾಡಿಯಾಗಿತ್ತು. ಹಿಂದಿನ ದಿನವೇ ಬ್ಯಾಂಕಿಗೆ ಹೋಗಿ ಮರಣ ಪ್ರಮಾಣಪತ್ರ ಕೊಟ್ಟಿದ್ದೆ. ಅವರು ಖಾತೆಯನ್ನ ಫ್ರೀಜ್ ಮಾಡಿದರು. ಇನ್ನು ಯಾರೂ ದುಡ್ಡು ಎಳೆಯೋಕೆ ಆಗಲ್ಲ, ಎಲ್ಲ ತಾನಾಗೇ ನಿಲ್ಲುತ್ತೆ ಅಂದುಕೊಂಡೆ. ಸಿನಿಮಾ ಆ್ಯಪ್ ಏನೋ ದುಡ್ಡು ಸಿಗದೆ ನಿಂತಿತು. ಅದು ಮುಂಗಡ ದುಡ್ಡಿನ ಸೇವೆ. ಆದರೆ ಮನೆಯ ಬ್ರಾಡ್‌ಬ್ಯಾಂಡ್ ಮತ್ತು ಅಪ್ಪನ ಪೋಸ್ಟ್‌ಪೇಯ್ಡ್ ಮೊಬೈಲ್ ತಿಂಗಳ ಕೊನೆಗೆ ಬಿಲ್ ಬರುವಂಥವು. ಅಲ್ಲಿ ದುಡ್ಡು ಕಟ್ ಆಗಲಿಲ್ಲ ಅಂದರೆ ಬಿಲ್ ನಿಲ್ಲಲ್ಲ, ಬಾಕಿ ಬೆಳೆಯುತ್ತೆ. ಮುಂದಿನ ತಿಂಗಳು ಲೇಟ್ ಫೀ ಸೇರಿಸಿ ನೋಟಿಸ್ ಬಂದಾಗಲೇ ನನಗೆ ಇದು ತಲೆಗೆ ಹೋಗಿದ್ದು.

ಒಂದು ಕೆಲಸ ಮಾತ್ರ ಸರಿಯಾಗಿ ಮಾಡಿದ್ದೆ. ಬ್ಯಾಂಕಿಗೆ ಹೋದಾಗಲೇ ಅಪ್ಪನ ಪಾಸ್‌ಬುಕ್‌ಗೆ ಎಂಟ್ರಿ ಹಾಕಿಸಿಕೊಂಡು ಬಂದಿದ್ದೆ. ಅವತ್ತು ರಾತ್ರಿ ಅಮ್ಮನ ಜೊತೆ ಕೂತು, ಒಂದು ಹಾಳೆ ಇಟ್ಟುಕೊಂಡು, ಹಿಂದಿನ ಹದಿಮೂರು ತಿಂಗಳ ಸಾಲುಗಳನ್ನ ಒಂದೊಂದೇ ಓದಿದೆವು. ಹನ್ನೆರಡಲ್ಲ, ಹದಿಮೂರು. ವರ್ಷಕ್ಕೊಮ್ಮೆ ಕಟ್ ಆಗೋವು ತಾರೀಖು ಸ್ವಲ್ಪ ಆಚೀಚೆ ಆದರೆ ಹನ್ನೆರಡರಲ್ಲಿ ತಪ್ಪಿಹೋಗುತ್ತವೆ. ಖಾತೆಯಿಂದ ತಾನಾಗೇ ಕಟ್ ಆಗೋದನ್ನ ತೋರಿಸೋ ‘ACH’ ಅಂತ ಇರೋವನ್ನ, ಆಟೋಪೇ ಅಂತ ಇರೋವನ್ನ, ಒಂದೇ ಮೊತ್ತ ಮತ್ತೆ ಮತ್ತೆ ಬರೋವನ್ನ ಗುರುತು ಹಾಕಿದೆವು. ಒಟ್ಟು ಏಳು ಸಿಕ್ಕವು.

ಅದರಲ್ಲಿ ಒಂದು 436 ರೂಪಾಯಿ. ಮೇ ಕೊನೆಯಲ್ಲಿ, ಒಂದೇ ಸಲ. ‘ಇದೆಂಥದೋ, ಇದನ್ನೂ ನಿಲ್ಲಿಸು’ ಅಂದರು ಅಮ್ಮ. ನಾನೂ ರದ್ದು ಮಾಡೋ ಪಟ್ಟಿಗೆ ಬರೆದುಬಿಟ್ಟಿದ್ದೆ. ಮರುದಿನ ಬ್ಯಾಂಕಿನ ಕೌಂಟರ್‌ನಲ್ಲಿ ಕೇಳಿದಾಗ ಗೊತ್ತಾಯಿತು, ಅದು ಪ್ರಧಾನ ಮಂತ್ರಿ ಜೀವನ್ ಜ್ಯೋತಿ ವಿಮೆಯ ಕಂತು. ಎರಡು ಲಕ್ಷದ ಜೀವ ವಿಮೆ. 18ರಿಂದ 50 ವರ್ಷದೊಳಗೆ ಸೇರಬಹುದು, 55ರ ತನಕ ಮುಂದುವರಿಸಬಹುದು. ವಿಮೆಯ ವರ್ಷ ಜೂನ್ 1ರಿಂದ ಮೇ 31. ಅಪ್ಪ ಹೋಗಿದ್ದು ಫೆಬ್ರವರಿಯಲ್ಲಿ, 54ನೇ ವಯಸ್ಸಿನಲ್ಲಿ. ಅಂದರೆ ವಿಮೆ ಜಾರಿಯಲ್ಲಿತ್ತು. ನಾಮಿನಿ ಅಮ್ಮ. ಕ್ಲೇಮ್ ಫಾರಂ, ಮರಣ ಪ್ರಮಾಣಪತ್ರ, ಅಮ್ಮನ ಆಧಾರ್, ಅಮ್ಮನ ಖಾತೆಯ ಪಾಸ್‌ಬುಕ್ ಜೆರಾಕ್ಸ್ ಅದೇ ಬ್ರಾಂಚಿಗೆ ಕೊಟ್ಟೆವು. ಅದಕ್ಕೇ ಹೇಳೋದು, ಪಾಸ್‌ಬುಕ್‌ನ ಯಾವ ಸಾಲು ಏನಂತ ತಿಳಿಯದೆ ರದ್ದು ಮಾಡಬೇಡಿ. ಅದೇ ತಿಂಗಳಲ್ಲಿ 20 ರೂಪಾಯಿಯ ಒಂದು ಸಾಲೂ ಇತ್ತು. ಅದು ಸುರಕ್ಷಾ ಬಿಮಾ, ಅಪಘಾತದ್ದು. ಅಪ್ಪನದು ಕಾಯಿಲೆಯ ಸಾವು, ಹಾಗಾಗಿ ಅದು ಸಿಗಲಿಲ್ಲ.

ಇನ್ನು ಬ್ರಾಡ್‌ಬ್ಯಾಂಡ್ ಕಥೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ.

‘ಸರ್, ಅಕೌಂಟ್ ಹೋಲ್ಡರ್ ಜೊತೆ ಮಾತಾಡಬೇಕಿತ್ತು.’

‘ಅವರು ತೀರಿಕೊಂಡಿದ್ದಾರೆ. ಅದಕ್ಕೇ ಫೋನ್ ಮಾಡಿದ್ದು.’

‘ಓಕೆ ಸರ್. ಹಾಗಾದ್ರೆ ಅವರ ರಿಜಿಸ್ಟರ್ಡ್ ನಂಬರಿಂದ ಅವರ ಹತ್ರನೇ ಒಂದ್ಸಲ ಕಾಲ್ ಮಾಡಿಸ್ತೀರಾ?’

ಆ ಹುಡುಗಿಯ ಮೇಲೆ ಸಿಟ್ಟು ಮಾಡಿ ಪ್ರಯೋಜನ ಇಲ್ಲ, ಅವಳ ಮುಂದಿರೋ ಸ್ಕ್ರೀನ್ ಅಷ್ಟೇ ಹೇಳುತ್ತೆ. ನಾನು ಫೋನ್ ಬಿಟ್ಟು ಇಮೇಲ್ ಹಿಡಿದೆ. ಗ್ರಾಹಕ ಸಂಖ್ಯೆ, ತೀರಿಕೊಂಡ ತಾರೀಖು, ‘ಈ ದಿನದಿಂದ ಸಂಪರ್ಕ ಮುಚ್ಚಿ, ಕೊನೆಯ ಬಿಲ್ ಕಳಿಸಿ’ ಅನ್ನೋ ಒಂದು ವಾಕ್ಯ, ಜೊತೆಗೆ ಮೂರು ಕಾಗದ: ಮರಣ ಪ್ರಮಾಣಪತ್ರ, ನನ್ನ ಆಧಾರ್, ನಾನು ಅವರ ಮಗ ಅನ್ನೋದಕ್ಕೆ ಪುರಾವೆಯಾಗಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಉಳಿದ ಕಡೆಗಳಲ್ಲೂ ಬರೀ ನಿಲ್ಲಿಸೋದಕ್ಕೆ ಹೆಚ್ಚುಕಡಿಮೆ ಈ ಮೂರೇ ಸಾಕಾಯಿತು. ಪ್ರತಿ ಜೆರಾಕ್ಸ್ ಮೇಲೂ ‘ಇಂಥ ಸಂಪರ್ಕ ರದ್ದು ಮಾಡಲು ಮಾತ್ರ’ ಅಂತ ಅಡ್ಡಲಾಗಿ ಬರೆದು, ಸಹಿ ಮಾಡಿ, ತಾರೀಖು ಹಾಕುತ್ತಿದ್ದೆ. ಅಪ್ಪನ ದಾಖಲೆಗಳು ಎಲ್ಲೆಲ್ಲಿಗೋ ಹೋಗುತ್ತವೆ ಅಲ್ವಾ, ಸುಮ್ನೆ ಕೊಡೋದು ಬೇಡ ಅನ್ನಿಸಿತು.

ಇಮೇಲ್‌ಗೆ ಉತ್ತರ ಬಂತು, ಆದರೆ ತಿರಸ್ಕಾರದ್ದು. ಹೆಸರು ಹೊಂದುತ್ತಿಲ್ಲ ಅಂತ! ಬಿಲ್‌ನಲ್ಲಿ ಅಪ್ಪನ ಹೆಸರಿನ ಮುಂದೆ ಊರಿನ ಇನಿಷಿಯಲ್ ಇತ್ತು, ಮರಣ ಪ್ರಮಾಣಪತ್ರದಲ್ಲಿ ಅದು ಇರಲಿಲ್ಲ. ನಮ್ಮ ಕಡೆ ಅರ್ಧ ಜನರ ದಾಖಲೆ ಹೀಗೇ ಇರುತ್ತೆ. ಸ್ಟಾಂಪ್ ಪೇಪರ್ ಮೇಲೆ ‘ಈ ಎರಡೂ ಹೆಸರು ಒಬ್ಬರದೇ’ ಅಂತ ಅಫಿಡವಿಟ್ ಬರೆಸಿ, ನೋಟರಿ ಮಾಡಿಸಿ ಕಳಿಸಿದೆ. ನಾಲ್ಕು ದಿನದಲ್ಲಿ ಕೆಲಸ ಆಯಿತು. ಆ ಒಂದೇ ಅಫಿಡವಿಟ್ ಮುಂದೆ ಎರಡು ಕಡೆ ಉಪಯೋಗಕ್ಕೆ ಬಂತು. ನೀವು ಮರಣ ನೋಂದಣಿಗೆ ಹೋದಾಗಲೇ ಆಧಾರ್‌ನಲ್ಲಿ ಇರುವ ಹಾಗೆ ಹೆಸರು ಬರೆಸಿ, ಅಚ್ಚಾಗೋ ಮೊದಲು ಒಂದೊಂದು ಅಕ್ಷರ ನೋಡಿ. 21 ದಿನದೊಳಗೆ ನೋಂದಣಿ ಆಗಬೇಕು ಅನ್ನೋದು ಎಲ್ಲರಿಗೂ ಗೊತ್ತು, ಈ ಇನಿಷಿಯಲ್ ಕಾಟ ಯಾರೂ ಹೇಳಲ್ಲ.

ರೂಟರ್ ವಾಪಸ್ ಕೊಟ್ಟಾಗ ಹುಡುಗನ ಹತ್ತಿರ ಸೀರಿಯಲ್ ನಂಬರ್ ಬರೆದ ರಸೀದಿ ಈಸಿಕೊಂಡೆ. ಇಲ್ಲಾಂದ್ರೆ ಕೊನೆಯ ಬಿಲ್‌ಗೆ ಅದರ ಬೆಲೆ ಸೇರಿಸಿಬಿಡುತ್ತಾರೆ.

ನಿಲ್ಲಿಸೋದು ಸುಲಭ, ದುಡ್ಡು ವಾಪಸ್ ಪಡೆಯೋದು ಕಷ್ಟ. ಬ್ರಾಡ್‌ಬ್ಯಾಂಡ್‌ನ ಡೆಪಾಸಿಟ್ 1,000 ರೂಪಾಯಿ ಬರಬೇಕಿತ್ತು. ಅದನ್ನ ಅವರು ಅಪ್ಪನ ಹೆಸರಿಗೇ ಚೆಕ್ ಬರೆದು ಕಳಿಸಿದರು. ಅಪ್ಪನ ಖಾತೆ ಫ್ರೀಜ್, ಎಲ್ಲಿ ಹಾಕೋದು? ಚೆಕ್ ವಾಪಸ್ ಕಳಿಸಿ ಅಮ್ಮನ ಹೆಸರಿಗೆ ಕೊಡಿ ಅಂದಾಗ ವಂಶವೃಕ್ಷ ಕೇಳಿದರು, ಜೊತೆಗೆ ನನ್ನ ಮತ್ತು ತಂಗಿಯ ಒಪ್ಪಿಗೆ ಪತ್ರ. ಗ್ಯಾಸ್ ಕನೆಕ್ಷನ್ ಅಮ್ಮನ ಹೆಸರಿಗೆ ಮಾಡಿಸಬೇಕಾಗಿದ್ದರಿಂದ ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಹೇಗೂ ಅರ್ಜಿ ಹಾಕಿದ್ದೆವು, ಬಚಾವ್. ಬರೀ ಸಾವಿರ ರೂಪಾಯಿಗೆ ಅಂದರೆ ನಾನು ಬಿಟ್ಟುಬಿಡುತ್ತಿದ್ದೆ.

ಉಳಿದವು ಬೇಗ ಮುಗಿದವು. ಡಿಟಿಎಚ್ ಪ್ರೀಪೇಯ್ಡ್, ರೀಚಾರ್ಜ್ ಮಾಡಲಿಲ್ಲ ಅಷ್ಟೇ. ಪೇಪರ್ ಹಾಕೋ ಹುಡುಗನಿಗೆ ಒಂದು ಮಾತು ಹೇಳಿದರೆ ಆಯಿತು. ಸಿನಿಮಾ ಆ್ಯಪ್ ಟಿವಿಯಲ್ಲಿ ಲಾಗಿನ್ ಆಗೇ ಇತ್ತು, ಅಲ್ಲೇ ಚಂದಾ ರದ್ದು ಮಾಡಿದೆವು. ಅಪ್ಪನ ಯುಪಿಐ ಆ್ಯಪ್ ತೆರೆಯೋಕೆ ಹೋಗಲಿಲ್ಲ. ಅಲ್ಲಿ ಆಟೋಪೇ ತೆಗೆಯೋಕೆ ಪಿನ್ ಬೇಕು, ಹೋದವರ ಪಿನ್ ನಾವು ಒತ್ತೋದು ಸರಿಯೂ ಅಲ್ಲ. ಕರೆಂಟ್ ಬಿಲ್ ರದ್ದು ಮಾಡೋ ಮಾತೇ ಇಲ್ಲ, ಅಪ್ಪನ ಹೆಸರಲ್ಲೇ ಕಟ್ಟುತ್ತಿದ್ದೇವೆ. ಮನೆ ಖಾತೆ ಬದಲಾದ ಮೇಲೆ ಅದನ್ನೂ ಬದಲಿಸಬೇಕು.

ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಂಡಿದ್ದು ಮೊಬೈಲ್ ನಂಬರ್. ಯಾವ ಕಂಪನಿಯ ಒಟಿಪಿ ಬರೋದೂ ಅದಕ್ಕೇ. ಕಾರ್ಡ್ ಮತ್ತು ಯುಪಿಐ ಆಟೋಪೇಯಲ್ಲಿ ದುಡ್ಡು ಕಟ್ ಆಗೋ 24 ಗಂಟೆ ಮುಂಚೆ ತಿಳಿಸಲೇಬೇಕು ಅನ್ನೋದು ರಿಸರ್ವ್ ಬ್ಯಾಂಕ್ ನಿಯಮ, ಆ ಮೆಸೇಜ್‌ಗಳೂ ಅಲ್ಲಿಗೇ ಬರುತ್ತವೆ. ಅದನ್ನ ಮೊದಲೇ ಮುಚ್ಚಿಸಿದ್ದರೆ ಆ 199 ನಮಗೆ ಗೊತ್ತೇ ಆಗುತ್ತಿರಲಿಲ್ಲ. ಐದು ತಿಂಗಳು ಬಿಲ್ ಕಟ್ಟಿ ಇಟ್ಟುಕೊಂಡೆವು. ಆಮೇಲೆ ಅದನ್ನ ಮುಚ್ಚಿಸುವ ಬದಲು ಅಂಗಡಿಗೆ ಹೋಗಿ, ಅವೇ ಕಾಗದಗಳ ಜೊತೆ ನನ್ನ ಮತ್ತು ತಂಗಿಯ ಒಪ್ಪಿಗೆ ಪತ್ರ ಕೊಟ್ಟು, ಅಮ್ಮನ ಹೆಸರಿಗೆ ಮಾಡಿಸಿದೆವು. ಈಗಲೂ ಅಪ್ಪನ ಹಳೇ ಗಿರಾಕಿಗಳು ಫೋನ್ ಮಾಡುತ್ತಾರೆ. ಅಮ್ಮ ಎತ್ತಿ ವಿಷಯ ಹೇಳುತ್ತಾರೆ.