15,000 ಫ್ರೇಮ್ ಬಿಟ್ಟು 1,500 ಮುಖ ಆರಿಸಿಕೊಂಡದ್ದು: ನನ್ನ ಅನುಭವ

ಮಂಡ್ಯ ಹತ್ತಿರ ವಿ.ಸಿ. ನಾಲೆ ಏರಿಯ ಮೇಲೆ ನಮ್ಮ ಕಿರುಚಿತ್ರದ ಒಂದು ಶಾಟ್ ಇತ್ತು. ವಯಸ್ಸಾದ ನಾಯಕ ಜಾವಾ ಓಡಿಸಿಕೊಂಡು ಬರುತ್ತಾ ಎಡಗಡೆ ಕಬ್ಬಿನ ಗದ್ದೆ ನೋಡಿ ನಗಬೇಕು. ಆ ಪಾತ್ರ ಮಾಡಿದ ಮೇಷ್ಟ್ರು ಮೈಸೂರಿನ ಹಿರಿಯ ರಂಗನಟರು. ಮಂಡಿನೋವು, ಬೈಕ್ ಹತ್ತುವಂತಿರಲಿಲ್ಲ. ಗಾಡಿ ಓಡಿಸಿದ್ದು ಬೇರೆ ಹುಡುಗ. ಇಬ್ಬರಿಂದಲೂ ಬರಹದಲ್ಲಿ ಒಪ್ಪಿಗೆ ತೆಗೆದುಕೊಂಡೆವು. ಹುಡುಗನ ಮುಖದ ಜಾಗದಲ್ಲಿ ಮೇಷ್ಟ್ರ ಮುಖ ಕೂರಿಸುವುದು ನನ್ನ ಕೆಲಸ. ಬಳಸಿದ್ದು ಡೀಪ್‌ಫೇಸ್‌ಲ್ಯಾಬ್ ಎಂಬ ಸಾಫ್ಟ್‌ವೇರ್. ಇಬ್ಬರ ಮುಖದ ಚಿತ್ರಗಳನ್ನೂ ಕೊಟ್ಟು ಅದರ ಮಾಡೆಲ್‌ಗೆ ತರಬೇತಿ ಕೊಡಬೇಕು.

ಮೇಷ್ಟ್ರ 10 ನಿಮಿಷದ ಒಂದು ಸಂದರ್ಶನದ ವಿಡಿಯೊ ಕೈಯಲ್ಲಿತ್ತು. ಸೆಕೆಂಡಿಗೆ 25 ಫ್ರೇಮ್ ಅಂದರೆ ಒಟ್ಟು 15,000 ಚಿತ್ರ. ಇಷ್ಟು ಸಾಕಲ್ವಾ ಎಂದು ನಿರ್ದೇಶಕರು ಕೇಳಿದರು. ಸಾಲದು. ಒಂದೇ ಕುರ್ಚಿ, ಒಂದೇ ದೀಪ, ಮುಖ ಪೂರ್ತಿ ಕ್ಯಾಮೆರಾ ಕಡೆಗೆ. ಪಕ್ಕಪಕ್ಕದ ಎರಡು ಫ್ರೇಮ್ ತೆರೆದು ನೋಡಿದರೆ ವ್ಯತ್ಯಾಸ ಹುಡುಕಬೇಕು, ಅಷ್ಟೆ.

ಕಾರಣ ಮಾಡೆಲ್ ಕಲಿಯುವ ರೀತಿಯಲ್ಲಿದೆ. ಅದರಲ್ಲಿ ಎನ್‌ಕೋಡರ್ ಒಂದೇ, ಇಬ್ಬರ ಮುಖವನ್ನೂ ಅದೇ ಓದುತ್ತದೆ. ಬಿಡಿಸುವ ಡಿಕೋಡರ್ ಮಾತ್ರ ಒಬ್ಬೊಬ್ಬರಿಗೆ ಒಂದೊಂದು. ಹುಡುಗ 50 ಡಿಗ್ರಿ ತಿರುಗಿ ಕಣ್ಣು ಕಿರಿದು ಮಾಡಿದಾಗ, ಆ ಭಂಗಿಯಲ್ಲಿ ಮೇಷ್ಟ್ರ ಮುಖ ಹೇಗಿರುತ್ತದೆ ಎಂದು ಮೇಷ್ಟ್ರ ಡಿಕೋಡರ್ ಬಿಡಿಸಬೇಕು. ಅಂಥದ್ದನ್ನು ಅದು ನೋಡೇ ಇಲ್ಲದಿದ್ದರೆ, ನೋಡಿದ್ದರಲ್ಲಿ ಹತ್ತಿರದ್ದನ್ನು ಬಿಡಿಸುತ್ತದೆ. ಮೂಗು ಮುಂದಕ್ಕೇ ಉಳಿದು, ಕೆನ್ನೆ ಕಲಸಿದಂತೆ ಕಾಣುತ್ತದೆ. ರೆಪ್ಪೆ ಮುಚ್ಚಿದ ಚಿತ್ರ ಇಲ್ಲದಿದ್ದರೆ ಕಣ್ಣು ಪೂರ್ತಿ ಮುಚ್ಚುವುದೇ ಇಲ್ಲ.

ಜಾಸ್ತಿ ಚಿತ್ರದಿಂದ ಇನ್ನೊಂದು ತೊಂದರೆಯೂ ಇದೆ. ತರಬೇತಿಯಲ್ಲಿ ಮಾಡೆಲ್ ಸಂಗ್ರಹದ ಚಿತ್ರಗಳನ್ನು ಲಾಟರಿ ಎತ್ತಿದಂತೆ ಎತ್ತಿಕೊಳ್ಳುತ್ತದೆ. 15,000 ನೇರ ಮುಖದ ಜೊತೆ 200 ಓರೆ ಮುಖ ಸೇರಿಸಿದರೆ, ಆ ಓರೆ ಮುಖಗಳ ಸರದಿ ನೂರರಲ್ಲಿ ಒಂದೆರಡು ಸಲ ಬರುತ್ತದೆ. ಅದಕ್ಕೇ ನಾನು ನೇರ ಮುಖಗಳನ್ನು ಧಾರಾಳವಾಗಿ ತೆಗೆದುಹಾಕುತ್ತೇನೆ. ಮೊದಲು frames ಎಂಬ ಫೋಲ್ಡರ್ ಮಾಡಿಕೊಂಡು, ffmpeg ಎಂಬ ವಿಡಿಯೊ ಸಾಫ್ಟ್‌ವೇರ್‌ನಿಂದ ಸೆಕೆಂಡಿಗೆ ಎರಡೇ ಫ್ರೇಮ್ ತೆಗೆಯುತ್ತೇನೆ:

```
ffmpeg -i source.mp4 -vf fps=2 frames/%05d.png
```

ಏನೇನು ಬೇಕು ಎಂದು ಹೇಳುವುದು ಹುಡುಗನ ಶಾಟ್. ಅವನ ಮುಖಗಳನ್ನು ಮೊದಲು ತೆಗೆದು, ತಿರುಗಿದ ಕೋನದ ಪ್ರಕಾರ ಜೋಡಿಸಿ ನೋಡಿದೆ. ಕೊನೆಯ ಕೆಲವು ಫ್ರೇಮ್ ಬಿಟ್ಟರೆ, ನೇರದಿಂದ ಸುಮಾರು 60 ಡಿಗ್ರಿವರೆಗೆ ಎಡಕ್ಕೆ, ಸ್ವಲ್ಪ ಕೆಳಗೆ ಬಗ್ಗಿದ್ದು, ಬಿಸಿಲಿಗೆ ಕಿರಿದಾದ ಕಣ್ಣು, ಹಲ್ಲು ಕಾಣುವ ನಗು. ಬಲಕ್ಕೆ ತಿರುಗಿದ್ದೇ ಇಲ್ಲ, ಆ ಕಡೆಯ ಚಿತ್ರಕ್ಕೆ ಅಲೆಯುವ ಕೆಲಸ ತಪ್ಪಿತು.

ಈ ಪಟ್ಟಿ ಹಿಡಿದು ಸರಸ್ವತಿಪುರಂನಲ್ಲಿರುವ ಮೇಷ್ಟ್ರ ಮನೆಗೆ ಹೋದೆ. ಜಗಲಿಯಲ್ಲಿ ಕೂರಿಸಿ, “ಮೇಷ್ಟ್ರೇ, ಕತ್ತು ನಿಧಾನಕ್ಕೆ ಎಡಕ್ಕೆ ತಿರುಗಿಸ್ತಾ ವರ್ಣಮಾಲೆ ಹೇಳಿ” ಎಂದೆ. ನಕ್ಕರು, ಆ ನಗುವೂ ಬೇಕಾಗಿತ್ತು. ವರ್ಣಮಾಲೆ ಸುಮ್ನೆ ಆರಿಸಿದ್ದಲ್ಲ. ‘ಆ’ಕ್ಕೆ ಬಾಯಿ ಅಗಲ ತೆರೆಯುತ್ತದೆ, ‘ಊ’ಗೆ ತುಟಿ ದುಂಡಗಾಗುತ್ತದೆ, ‘ಈ’ಗೆ ಹಲ್ಲು ಕಾಣುತ್ತದೆ, ‘ಪ ಬ ಮ’ಗೆ ತುಟಿ ಮುಚ್ಚುತ್ತದೆ. ಅದನ್ನೇ ತಲೆ ತಗ್ಗಿಸಿ, ಎತ್ತಿ, ಕಣ್ಣು ಮುಚ್ಚಿ ತೆರೆದು ಮಾಡಿಸಿದೆ. ಜಗಲಿ ನೆರಳಲ್ಲಿ ಒಮ್ಮೆ, ಅಂಗಳದ ಬಿಸಿಲಲ್ಲಿ ಒಮ್ಮೆ, ಸಂಜೆ ಓರೆ ಬೆಳಕಲ್ಲಿ ಒಮ್ಮೆ.

ಒಂದು ವಿಷಯದಲ್ಲಿ ಮಾತ್ರ ವೈವಿಧ್ಯ ಬೇಡ. ಮೇಷ್ಟ್ರ ಮನೆಯವರು ಇಪ್ಪತ್ತು ವರ್ಷ ಹಳೆಯ ನಾಟಕದ ವಿಡಿಯೊ ಕೊಟ್ಟರು, ಗಡ್ಡ ಇದ್ದದ್ದು. ಸೇರಿಸಲಿಲ್ಲ. ವಯಸ್ಸು, ಗಡ್ಡ, ಕನ್ನಡಕ ಬೆರೆತರೆ ಎರಡರ ನಡುವಿನ ಯಾವುದೋ ಮುಖ ಬರುತ್ತದೆ. ಮಸುಕಾದ ಚಿತ್ರಗಳನ್ನೂ ತೆಗೆದೆ, ಮಾಡೆಲ್ ಮಸುಕನ್ನೂ ಕಲಿಯುತ್ತದೆ. ಆರಿಸಿ ಉಳಿದದ್ದು ಸುಮಾರು 1,500. ಇಂಥ ಒಂದು ಶಾಟಿಗೆ ಸಾವಿರದಿಂದ ಎರಡು ಸಾವಿರ ನನಗೆ ಸಾಕಾಗುತ್ತದೆ. ಬರೀ ಇನ್ನೂರು ಮುನ್ನೂರು ಇದ್ದರೆ ಮಾಡೆಲ್ ಆ ಚಿತ್ರಗಳನ್ನೇ ಬಾಯಿಪಾಠ ಮಾಡುತ್ತದೆ.

ನಿರ್ದೇಶಕರಿಗೆ ತೋರಿಸಲು ಎರಡು ಸಂಗ್ರಹದಲ್ಲೂ ಬೇರೆ ಬೇರೆ ತರಬೇತಿ ಕೊಟ್ಟೆ. ಸಂದರ್ಶನದ 15,000ದಲ್ಲಿ ಮೇಷ್ಟ್ರ ಕಡೆಯ ಲಾಸ್, ಅಂದರೆ ಬಿಡಿಸಿದ್ದರಲ್ಲಿನ ತಪ್ಪಿನ ಅಳತೆ, ಬೇಗ ಇಳಿಯಿತು. ಇದು ದಾರಿ ತಪ್ಪಿಸುವ ಅಂಕಿ: ಎಲ್ಲವೂ ಒಂದೇ ಥರ ಇದ್ದರೆ ಬಿಡಿಸುವುದು ಸುಲಭ, ಅಷ್ಟೆ. ನೋಡಬೇಕಾದ್ದು ಪ್ರಿವ್ಯೂ ಕಿಟಕಿಯ ಕೊನೆಯ ಕಾಲಂ, ಹುಡುಗನ ಭಂಗಿಯಲ್ಲಿ ಮೇಷ್ಟ್ರ ಮುಖ ಬರುವ ಜಾಗ. ಅಲ್ಲಿ ಗದ್ದೆ ಕಡೆ ತಿರುಗಿದ ಫ್ರೇಮುಗಳಲ್ಲಿ ಎಡಗಣ್ಣು ಜಾರಿತ್ತು, ಹಲ್ಲು ಒಂದೇ ಬಿಳಿ ಪಟ್ಟಿಯಾಗಿತ್ತು. 1,500ರ ಸಂಗ್ರಹದಲ್ಲಿ ಲಾಸ್ ನಿಧಾನಕ್ಕೆ ಇಳಿಯಿತು, ಆದರೆ ಅದೇ ಫ್ರೇಮುಗಳಲ್ಲಿ ನಗುವಿನ ಗೆರೆ ಮೇಷ್ಟ್ರದ್ದೇ. ಓರೆ ಮುಖಗಳ ಸರದಿ ಹೆಚ್ಚಲೆಂದು `Uniform yaw distribution of samples` ಎಂಬ ಆಯ್ಕೆಯನ್ನೂ ಆನ್ ಮಾಡಿದ್ದೆ.

ಆದರೂ ಶಾಟ್‌ನ ಕೊನೆಯಲ್ಲಿ ಹುಡುಗ ಪೂರ್ತಿ ಪಕ್ಕಕ್ಕೆ ತಿರುಗುವ ಕೆಲವು ಫ್ರೇಮ್ ಕೂಡಲಿಲ್ಲ. ಅಷ್ಟು ತಿರುಗಿದರೆ ಒಂದು ಕಣ್ಣು ಮರೆಯಾಗಿ, ಸಾಫ್ಟ್‌ವೇರ್ ಕಣ್ಣು, ಮೂಗು, ಬಾಯಿಯ ಮೇಲೆ ಇಡುವ ಗುರುತು ಬಿಂದುಗಳೇ ಅಲ್ಲಾಡುತ್ತವೆ. ಎಷ್ಟು ಚಿತ್ರ ಕೊಟ್ಟರೂ ಅದು ಸರಿಹೋಗುವುದಿಲ್ಲ. ಅಲ್ಲಿಗೆ ಶಾಟ್ ಕತ್ತರಿಸಿ, ಕಬ್ಬಿನ ಗದ್ದೆಯ ದೃಶ್ಯ ಹಾಕಿಕೊಂಡೆವು.