‘ಬರುತ್ತೇನೆ’ ಎಂದ ಮೇಲೆ ಎದ್ದು ನಿಲ್ಲಿ: ಬೀಳ್ಕೊಳ್ಳುವುದು ಹೇಗೆ?

ಹೊರಡುವಾಗ ‘ಹೋಗ್ತೀನಿ’ ಎನ್ನಬಾರದು, ‘ಹೋಗಿ ಬರ್ತೀನಿ’ ಎನ್ನಬೇಕೆಂಬುದನ್ನು ನಮ್ಮಲ್ಲಿ ಬಹುತೇಕ ಮಕ್ಕಳು ಚಿಕ್ಕಂದಿನಲ್ಲೇ ಕಲಿಯುತ್ತಾರೆ. ಗೆಳೆಯರ ನಡುವೆ ‘ಬರ್ಲಾ?’, ‘ಸಿಗೋಣ’ ಎಂದರೆ ಸಾಕು. ಎಡವುವುದು ಹಿರಿಯರ ಮನೆಯಿಂದ ಹೊರಡುವಾಗ.

ಸೋದರತ್ತೆಯ ಮನೆಗೆ ಗೃಹಪ್ರವೇಶದ ಕರೆಯೋಲೆ ಕೊಡಲು ಸಂಜೆ ಐದಕ್ಕೆ ಹೋಗಿದ್ದೀರಿ, ಆರೂವರೆಗೆ ಹೊರಡಬೇಕು ಎಂದುಕೊಳ್ಳಿ. ಮೊದಲು, ಬಂದ ಕೆಲಸವನ್ನು ಕಾಫಿಗೆ ಮುಂಚೆಯೇ ಮುಗಿಸಿ. ಅದನ್ನು ಕೊನೆಗೆ ಉಳಿಸಿಕೊಂಡವರು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ಅರ್ಧ ಗಂಟೆ ನಿಲ್ಲುವುದನ್ನು ನಾನು ಅನೇಕ ಸಲ ನೋಡಿದ್ದೇನೆ. ಆರೂಕಾಲಿಗೆ, ಮಾತು ತಾನಾಗಿ ನಿಂತ ಕಡೆ, ‘ಅತ್ತೆ, ನಾವಿನ್ನು ಹೊರಡ್ತೀವಿ, ಮಕ್ಕಳಿಗೆ ನಾಳೆ ಪರೀಕ್ಷೆ ಇದೆ’ ಎಂದು ನಿಜವಾದ ಒಂದೇ ಕಾರಣ ಹೇಳಿ. ಎರಡನೆಯ ಕಾರಣ ಸೇರಿಸಿದರೆ ನೆಪದಂತೆ ಕೇಳಿಸುತ್ತದೆ. ‘ಇಷ್ಟು ಬೇಗನಾ? ಊಟ ಮಾಡ್ಕೊಂಡು ಹೋಗಿ’ ಎಂಬ ಉತ್ತರ ಬಂದೇ ಬರುತ್ತದೆ. ಅದಕ್ಕೆ ಬರಿಯ ‘ಬೇಡ’ ಒರಟು. ‘ಗೃಹಪ್ರವೇಶ ಮುಗಿಸಿಕೊಂಡು ಒಂದು ದಿನ ಊಟಕ್ಕೇ ಬರ್ತೀವಿ ಅತ್ತೆ’ ಎಂದು ಹೇಳಿ, ಹೇಳುತ್ತಲೇ ಎದ್ದು ನಿಲ್ಲಿ. ಕುಳಿತೇ ಹೇಳಿದರೆ ಅದು ಹೊರಡುವ ಮಾತೆಂದು ಯಾರೂ ತಿಳಿಯುವುದಿಲ್ಲ, ಒಳಗೆ ಅಕ್ಕಿ ನೆನೆಯುತ್ತದೆ. ಎದ್ದ ಮೇಲೂ ಹೆಣ್ಣುಮಕ್ಕಳಿಗೆ ಕುಂಕುಮ ಕೊಡುವವರೆಗೆ ಅವಸರಪಡಬೇಡಿ. ಉಳಿಸಿಕೊಂಡ ಹದಿನೈದು ನಿಮಿಷ ಇರುವುದು ಇದಕ್ಕಾಗಿಯೇ. ನಮಸ್ಕರಿಸಿ, ‘ಹೋಗಿ ಬರ್ತೀವಿ’ ಎಂದು ಕೇಳಿ, ಅವರು ‘ಹೋಗಿ ಬನ್ನಿ’ ಎಂದ ಬಳಿಕ ಹೊಸ ಸುದ್ದಿ ಎತ್ತಬೇಡಿ.

ದೂರವಾಣಿಯಲ್ಲಿ ಮಾತನ್ನು ಮುಗಿಯಗೊಡದಿರುವುದು ‘ಮತ್ತೆ?’ ಎಂಬ ಒಂದು ಪದ. ಮೌನ ತುಂಬಲು ನೀವು ಅದನ್ನು ಬಳಸಿದರೆ ಆ ಕಡೆಯವರಿಗೆ ಅದು ‘ಇನ್ನೇನು ವಿಶೇಷ?’ ಎಂಬ ಪ್ರಶ್ನೆಯಾಗಿ ಕೇಳಿಸಿ ಮಾತು ಮೊದಲಿನಿಂದ ಶುರುವಾಗುತ್ತದೆ. ಅದರ ಬದಲು ಮಾತಿನಲ್ಲಿ ತೀರ್ಮಾನವಾದದ್ದನ್ನು ಒಮ್ಮೆ ಹೇಳಿ: ‘ಸರಿ ಹಾಗಾದ್ರೆ, ಭಾನುವಾರ ಹನ್ನೊಂದಕ್ಕೆ ಬರ್ತೀನಿ. ಇಡ್ಲಾ ಅತ್ತೆ?’ ಹಿರಿಯರೊಡನೆ ‘ಇಡ್ತೀನಿ’ ಎಂದು ತಿಳಿಸುವುದಕ್ಕಿಂತ ‘ಇಡ್ಲಾ?’ ಎಂದು ಕೇಳುವುದೇ ಸರಿ, ಮತ್ತು ಅವರು ಇಟ್ಟ ಮೇಲೆ ನೀವು ಇಡಿ. ‘ಬ್ಯಾಟರಿ ಮುಗೀತಿದೆ’ ಎಂಬ ಅಡ್ಡದಾರಿಯನ್ನು ದಯವಿಟ್ಟು ಬಿಡಿ. ಐದು ನಿಮಿಷದಲ್ಲಿ ನಿಮ್ಮ ವಾಟ್ಸ್ಆ್ಯಪ್ ಸ್ಟೇಟಸ್ ಅವರಿಗೆ ಕಾಣಿಸುತ್ತದೆ.

ಪತ್ರದಲ್ಲಿ ಕೆಲಸ ಸುಲಭ: ಅರ್ಜಿಗೆ ‘ಇತಿ ತಮ್ಮ ವಿಶ್ವಾಸಿ’, ಪರಿಚಿತರಿಗೆ ‘ವಂದನೆಗಳೊಂದಿಗೆ’.

ಸಾವಿನ ಮನೆಯಲ್ಲಿ ಮಾತ್ರ ಇದಾವುದೂ ಸಲ್ಲದು. ಅಲ್ಲಿ ‘ಹೋಗಿ ಬರ್ತೀನಿ’ ಎಂದರೆ ಇಂಥದೇ ಸಂದರ್ಭಕ್ಕೆ ಮತ್ತೆ ಬರುವೆನೆಂದಂತಾಗುತ್ತದೆ ಎಂಬ ಅಳುಕಿನಿಂದ ಹೇಳದೆಯೇ ಹೊರಡುವುದು ರೂಢಿ. ಹತ್ತಿರದವರ ಕೈ ಒಮ್ಮೆ ಹಿಡಿದು, ಮಾತಿಲ್ಲದೆ ಎದ್ದು ಬನ್ನಿ. ಯಾರೂ ತಪ್ಪು ತಿಳಿಯುವುದಿಲ್ಲ.