ಅಜ್ಜೀ, ಎಳ್ಳು ತಗೊಳ್ಳಿ

ನ್ಯೂಜೆರ್ಸಿಯಲ್ಲಿ ನಾನು ಶನಿವಾರದ ಕನ್ನಡ ತರಗತಿ ನಡೆಸುತ್ತೇನೆ. ಆರರಿಂದ ಒಂಬತ್ತು ವರ್ಷದ ಹದಿನಾಲ್ಕು ಮಕ್ಕಳು. 10:45ಕ್ಕೆ ಶುರು, 12:15ಕ್ಕೆ ಮುಗಿತಾಯ. ಮೊದಲ ವರ್ಷ ಸಂಕ್ರಾಂತಿ ಪಾಠಕ್ಕೆ ಚಿತ್ರಗಳನ್ನು ತೋರಿಸಿದೆ. ಸುಗ್ಗಿ ಎಂದರೇನು, ರಾಶಿ ಪೂಜೆ ಎಂದರೇನು, ದನಗಳಿಗೆ ಕಿಚ್ಚು ಹಾಯಿಸುವುದು ಎಂದರೇನು ಎಂದೆಲ್ಲ ವಿವರಿಸಿದೆ. ಮಕ್ಕಳು ಕಬ್ಬಿಗೆ ಬಣ್ಣ ತುಂಬಿದರು. ಕೊನೆಯಲ್ಲಿ ಏನು ಕಲಿತಿರಿ ಎಂದು ಕೇಳಿದಾಗ ಎಲ್ಲರೂ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟರು. ಇಡೀ ತರಗತಿಯಲ್ಲಿ ಕನ್ನಡ ಮಾತಾಡಿದ್ದು ನಾನೊಬ್ಬಳೇ.

ಆಮೇಲೆ ಯೋಚನೆ ಮಾಡಿದೆ. ಈ ಹಬ್ಬದಲ್ಲಿ ಮಗು ಬಾಯಿ ಬಿಟ್ಟು ಹೇಳಲೇಬೇಕಾದ ಮಾತು ಯಾವುದು? ಎಳ್ಳು ಬೀರುವಾಗ ಆಡುವ ಮಾತು. ತಟ್ಟೆ ಹಿಡಿದು ಮನೆಮನೆಗೆ ಹೋಗಿ, ಬೇರೆ ಬೇರೆ ವಯಸ್ಸಿನವರಿಗೆ ಕೊಟ್ಟು, ಒಂದು ಮಾತು ಹೇಳಿ ಬರಬೇಕು. ಹಾಗಾದರೆ ಪಾಠ ಅದೇ ಆಗಲಿ ಅಂದುಕೊಂಡೆ.

ಇಲ್ಲಿ ಬೆಳೆಯುವ ಮಕ್ಕಳ ಕನ್ನಡದಲ್ಲಿ ಒಂದು ವಿಷಯ ಗಮನಿಸಿದ್ದೇನೆ. ಅವರು ಅಜ್ಜಿಗೂ, ಪಕ್ಕದ ಮನೆಯ ಅಂಕಲ್‌ಗೂ ‘ಬಾ, ತಗೋ, ಕೂತ್ಕೋ’ ಅನ್ನುತ್ತಾರೆ. ನೋಡಿದವರಿಗೆ ಮಗುವಿಗೆ ಮರ್ಯಾದೆ ಗೊತ್ತಿಲ್ಲ ಅನ್ನಿಸುತ್ತದೆ. ಆದರೆ ಆ ಮಗು ಕೇಳಿಸಿಕೊಂಡ ಕನ್ನಡವೇ ಅಷ್ಟು. ಅಪ್ಪ ಅಮ್ಮ ಅದರ ಜೊತೆ ‘ಬಾ, ತಿನ್ನು’ ಅಂತಲೇ ಮಾತಾಡುತ್ತಾರೆ. ದೊಡ್ಡವರು ದೊಡ್ಡವರೊಡನೆ ‘ಬನ್ನಿ, ಕೂತ್ಕೊಳ್ಳಿ’ ಅನ್ನುವುದು ಊರಲ್ಲಾದರೆ ದಿನಕ್ಕೆ ಹತ್ತು ಸಲ ಕಿವಿಗೆ ಬೀಳುತ್ತದೆ. ಇಲ್ಲಿ ಅಪರೂಪಕ್ಕೊಮ್ಮೆ.

ಹಾಗಾಗಿ ಎರಡೇ ಗುರಿ ಇಟ್ಟುಕೊಂಡೆ. ಒಂದು, ‘ತಗೋ’ ಯಾರಿಗೆ, ‘ತಗೊಳ್ಳಿ’ ಯಾರಿಗೆ. ಇನ್ನೊಂದು, ಯಾರಿಗೆ ಕೊಡಲಿ ಎಂದು ಕೇಳಿದರೆ ‘-ಗೆ’ ಸೇರಿಸಿ ಹೇಳುವುದು.

ಎರಡನೆಯದು ಕಾಣುವಷ್ಟು ಸುಲಭವಲ್ಲ. ‘ಅಜ್ಜಿಗೆ’ ಸಲೀಸಾಗಿ ಬರುತ್ತದೆ. ಅದನ್ನೇ ನೋಡಿಕೊಂಡು ಮಕ್ಕಳು ‘ಅಕ್ಕಗೆ, ತಾತಗೆ’ ಅನ್ನುತ್ತಾರೆ. ನಿಯಮ ಹೇಳಿದರೆ ತಲೆಗೆ ಹೋಗುವುದಿಲ್ಲ. ಅದಕ್ಕೆ ನೆಲದ ಮೇಲೆ ಎರಡು ಸಾಲು ಕುರ್ಚಿ ಹಾಕಿದೆ. ಒಂದು ಸಾಲಿನಲ್ಲಿ ಅಜ್ಜಿ, ಅತ್ತಿಗೆ, ತಂಗಿ. ಇನ್ನೊಂದರಲ್ಲಿ ತಾತ, ಅಕ್ಕ, ಅಣ್ಣ. ಮಕ್ಕಳೇ ಕೊರಳಿಗೆ ಚೀಟಿ ಹಾಕಿಕೊಂಡು ಕೂತರು. ಮೊದಲ ಸಾಲಿಗೆ ‘-ಗೆ’, ಎರಡನೆಯದಕ್ಕೆ ‘-ನಿಗೆ’. ಮನೆಯಲ್ಲಿ ‘ಅಕ್ಕಂಗೆ, ತಾತಂಗೆ’ ಎಂದು ಕೇಳಿ ಬೆಳೆದವರು ಹಾಗೇ ಹೇಳಿದರು, ನಾನು ತಿದ್ದಲಿಲ್ಲ. ಅದು ಅವರ ಮನೆಯ ಮಾತು.

ಕಲಿತರೋ ಇಲ್ಲವೋ ಎಂದು ತಿಳಿಯಲು ನನ್ನದೊಂದು ಉಪಾಯ ಇದೆ. ಕೊನೆಯ ಹತ್ತು ನಿಮಿಷದಲ್ಲಿ, ಅಭ್ಯಾಸವೇ ಮಾಡಿಸದ ‘ಮಾಮ’ ಎಂಬ ಚೀಟಿ ಹಾಕಿಕೊಂಡು ನಾನೇ ಕುರ್ಚಿಯಲ್ಲಿ ಕೂರುತ್ತೇನೆ. ‘ಮಾಮನಿಗೆ’ ಅಥವಾ ‘ಮಾಮಂಗೆ’ ಎಂದು ತಾನಾಗಿ ಬಂದರೆ ಕಲಿತಂತೆ. ಹದಿನಾಲ್ಕರಲ್ಲಿ ಒಂಬತ್ತು ಮಕ್ಕಳು ಹೇಳಿದರು. ಉಳಿದವರಿಗೆ ಮುಂದಿನ ವಾರ ಮತ್ತೆ ಅದೇ ಆಟ.

ಇನ್ನು ಎಳ್ಳಿನ ವಿಷಯ. ಇದರಲ್ಲಿ ನನ್ನಿಂದ ತಪ್ಪಾಗಿತ್ತು. ಎಳ್ಳು, ಕಡಲೆಬೀಜ, ಹುರಿಗಡಲೆ, ಕೊಬ್ಬರಿ ಚೂರು, ಬೆಲ್ಲದ ಅಚ್ಚು, ಐದನ್ನೂ ತಂದು ಮಕ್ಕಳ ಕೈಯಲ್ಲೇ ಬೆರೆಸುವುದು ಎಂದುಕೊಂಡಿದ್ದೆ. ಕೊಬ್ಬರಿಯ ಕಪ್ಪು ಸಿಪ್ಪೆ ಹೆರೆದು ಸಣ್ಣಗೆ ಹೆಚ್ಚಿಟ್ಟೂ ಆಗಿತ್ತು. ಹಿಂದಿನ ರಾತ್ರಿ ಒಬ್ಬ ತಾಯಿ ಫೋನ್ ಮಾಡಿ, ಮಗನಿಗೆ ಕಡಲೆಬೀಜದ ಅಲರ್ಜಿ, ಅದು ಇರುವ ಕೋಣೆಗೆ ಕಳಿಸಲು ಭಯ ಎಂದರು. ಮೂರು ವಾರ ಮೊದಲೇ ನಾನು ಕೇಳಬೇಕಿತ್ತು. ಎಳ್ಳು ಕೂಡ ಇಲ್ಲಿ ಗಂಭೀರ ವಿಷಯವೇ. 2023ರ ಜನವರಿ 1ರಿಂದ ಅಮೆರಿಕದಲ್ಲಿ ಎಳ್ಳು ಮುಖ್ಯ ಅಲರ್ಜಿ ಪದಾರ್ಥಗಳ ಪಟ್ಟಿಯಲ್ಲಿದೆ, ಪೊಟ್ಟಣದ ಮೇಲೆ ಬರೆಯಲೇಬೇಕು. ಹುರಿಗಡಲೆ ಪ್ಯಾಕೆಟ್ಟಿನ ಹಿಂದೆಯೂ ಕಡಲೆಬೀಜ ತಗುಲಿರಬಹುದು ಎಂಬ ಎಚ್ಚರಿಕೆ ಇರಬಹುದು, ಓದಿ ನೋಡಬೇಕು.

ಈಗ ತರಗತಿಯ ಒಳಗೆ ಎಳ್ಳು ತರುವುದೇ ಇಲ್ಲ. ಕಲ್ಲುಸಕ್ಕರೆ ಮತ್ತು ಒಣದ್ರಾಕ್ಷಿ ತರುತ್ತೇನೆ, ಅದನ್ನೂ ಮೊದಲೇ ಪೋಷಕರಿಗೆ ತಿಳಿಸಿ. ಮಕ್ಕಳು ಕಾಗದ ಮಡಿಸಿ ಪೊಟ್ಟಣ ಕಟ್ಟುತ್ತಾರೆ. ನಿಜವಾದ ಎಳ್ಳುಬೆಲ್ಲ ಮನೆಯಲ್ಲೇ ಮಾಡಿಕೊಳ್ಳಲಿ ಎಂದು ಅಳತೆ ಬರೆದ ಚೀಟಿ ಕಳಿಸುತ್ತೇನೆ: ಐದೂ ಒಂದೊಂದು ಬಟ್ಟಲು, ಎಳ್ಳು ಮತ್ತು ಕಡಲೆಬೀಜ ಬೇರೆ ಬೇರೆಯಾಗಿ ಹುರಿದು, ಪೂರ್ತಿ ಆರಿದ ಮೇಲೆ ಬೆಲ್ಲ ಸೇರಿಸುವುದು. ಬಿಸಿ ಇರುವಾಗ ಸೇರಿಸಿದರೆ ಬೆಲ್ಲ ಬೆವರಿ ಎಲ್ಲಾ ಅಂಟಿಕೊಳ್ಳುತ್ತದೆ. ಎಳ್ಳೇ ಇಲ್ಲದೆ ಎಳ್ಳು ಬೀರೋದಾ ಎಂದು ಒಬ್ಬ ತಂದೆ ಬೇಸರಪಟ್ಟರು. ಒಂದು ಮಗುವನ್ನು ಹೊರಗಿಟ್ಟು ಹಬ್ಬ ಮಾಡಲು ನನಗೆ ಮನಸ್ಸಿಲ್ಲ.

ಜನವರಿಯ ಚಳಿಯಲ್ಲಿ ಊರಿಂದ ಅಜ್ಜಿ ತಾತಂದಿರು ಬರುವುದು ಕಡಿಮೆ. ಆದ್ದರಿಂದ ಮೂವರ ಮನೆಗೆ ವಿಡಿಯೊ ಕರೆ ಮಾಡಿಸುತ್ತೇನೆ. ಚಳಿಗಾಲದಲ್ಲಿ ಭಾರತದ ಗಡಿಯಾರ ಇಲ್ಲಿಗಿಂತ ಹತ್ತೂವರೆ ಗಂಟೆ ಮುಂದೆ. ನಮ್ಮ 10:45 ಅವರಿಗೆ ರಾತ್ರಿ 9:15. ಕರೆಯನ್ನು ಪಾಠದ ಕೊನೆಗೆ ಇಟ್ಟಾಗ ಅಜ್ಜಿಯರಿಗೆ ನಿದ್ದೆ ಬಂದಿರುತ್ತಿತ್ತು. ಈಗ ಅದೇ ಮೊದಲು. ಮಕ್ಕಳು ಆಗ ತಡವರಿಸಿದರೂ ಪರವಾಗಿಲ್ಲ. ‘ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ’ ಎಂದು ಅಜ್ಜಿಯ ಬಾಯಲ್ಲಿ ಕೇಳಿದರೆ, ಆಮೇಲೆ ಅದೇ ಧಾಟಿಯಲ್ಲಿ ಹೇಳುತ್ತಾರೆ.

ಆ ಕರೆಗಳಿಂದ ಇನ್ನೊಂದು ವಿಷಯ ಹೊರಬಂತು. ಧಾರವಾಡದ ಅಜ್ಜಿಯೊಬ್ಬರು ‘ತಗೋರಿ’ ಎಂದರು, ಕುಸುರೆಳ್ಳಿನ ಡಬ್ಬಿ ತೋರಿಸಿದರು, ಭೋಗಿ ದಿನದ ಸಜ್ಜಿ ರೊಟ್ಟಿಯ ಮಾತಾಡಿದರು. ಆಗ ಮಂಗಳೂರಿನ ಕಡೆಯ ಹುಡುಗಿ ನನ್ನ ಹತ್ತಿರ ಬಂದು, ‘ನಮ್ಮನೇಲಿ ಇದು ಯಾವುದೂ ಮಾಡಲ್ಲ’ ಎಂದಳು ಮೆಲ್ಲಗೆ. ತನ್ನ ಮನೆಯಲ್ಲೇ ಏನೋ ಕೊರತೆ ಎಂಬಂತಿತ್ತು ಮುಖ. ನಿಮ್ಮನೇಲಿ ಯಾವ ಹಬ್ಬ ಜೋರು ಅಂತ ಕೇಳಿದೆ. ಏಪ್ರಿಲ್‌ನಲ್ಲಿ ಬಿಸು, ಬೆಳಿಗ್ಗೆ ಎದ್ದ ತಕ್ಷಣ ಕಣಿ ನೋಡೋದು ಅಂದಳು. ಆ ವಾರದಿಂದ ಹಲಗೆಯ ಮೇಲೆ ‘ಎಲ್ಲರೂ ಹೀಗೆ ಮಾಡುತ್ತಾರೆ’ ಎಂದು ಬರೆಯುವುದನ್ನು ಬಿಟ್ಟೆ. ‘ಹಳೆ ಮೈಸೂರಿನ ಕಡೆ’, ‘ಧಾರವಾಡದ ಕಡೆ’ ಎಂದು ಬರೆಯುತ್ತೇನೆ.

ಒಂಬತ್ತರ ಹುಡುಗನೊಬ್ಬ ಇನ್ನೊಂದು ಪ್ರಶ್ನೆ ಕೇಳಿದ. ಹಗಲು ಬೆಳೆಯುವುದು ಡಿಸೆಂಬರ್ 21ರಿಂದ ಅಂತ ಸ್ಕೂಲಲ್ಲಿ ಹೇಳಿದ್ದಾರೆ, ನೀವು ಉತ್ತರಾಯಣ ಜನವರಿ 14 ಅಂತೀರಲ್ಲ? ಅವನು ಹೇಳಿದ್ದು ಸರಿ. ಸುಮಾರು 1700 ವರ್ಷದ ಹಿಂದೆ ಎರಡೂ ಒಂದೇ ದಿನ ಬರುತ್ತಿದ್ದವು. ಭೂಮಿಯ ಅಕ್ಷ ನಿಧಾನವಾಗಿ ತಿರುಗುವುದರಿಂದ, ಸೂರ್ಯ ಮಕರ ರಾಶಿಗೆ ಬರುವ ದಿನ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ತಡವಾಗುತ್ತಾ ಬಂದಿದೆ. ಹಬ್ಬ ರಾಶಿಯನ್ನು ಹಿಡಿದುಕೊಂಡಿದೆ. ಇದನ್ನು ಹೇಳಿ ಬಿಡದೆ ಅಳೆಯಲೂ ಹಚ್ಚಿದೆ. ಡಿಸೆಂಬರಿನ ಕೊನೆಯ ತರಗತಿಯಲ್ಲಿ ಮಧ್ಯಾಹ್ನ 12ಕ್ಕೆ 30 ಸೆಂಟಿಮೀಟರಿನ ಸ್ಕೇಲು ನಿಲ್ಲಿಸಿದರೆ ನಮ್ಮಲ್ಲಿ ನೆರಳು 60ರ ಹತ್ತಿರ ಬರುತ್ತದೆ. ಸಂಕ್ರಾಂತಿ ವಾರ 55ರ ಹತ್ತಿರ. ಅಳೆಯುವಾಗ ಆಡುವುದೂ ಕನ್ನಡವೇ: ಸ್ಕೇಲು ಅಣ್ಣನಿಗೆ ಕೊಡು, ಟೇಪು ತಂಗಿಗೆ ಕೊಡು, ಟೀಚರ್, ನೀವು ಹಿಡ್ಕೊಳ್ಳಿ.